ತಿಂಗಳ ಖರ್ಚಿಗೆ ಆನ್ಯುಟಿಯೋ, ಎಸ್‌ಡಬ್ಲ್ಯುಪಿಯೋ?

ನಿವೃತ್ತರಾದಾಗ 50 ಲಕ್ಷ ಕೈಸೇರಿತು, ತಿಂಗಳಿಗೆ 25,000 ಬೇಕು ಎನ್ನೋಣ. ವಿಮಾ ಕಂಪನಿಯಿಂದ ಆನ್ಯುಟಿ ಕೊಂಡರೆ ಬದುಕಿರುವವರೆಗೂ ನಿಗದಿತ ಮೊತ್ತ ಬರುತ್ತದೆ. ಆದರೆ ಬೆಲೆಗಳು ವರ್ಷಕ್ಕೆ 6% ಏರಿದರೆ, 12 ವರ್ಷದಲ್ಲಿ ಆ ಹಣಕ್ಕೆ ಸಿಗುವ ಸಾಮಾನು ಅರ್ಧಕ್ಕಿಳಿಯುತ್ತದೆ.

ಮ್ಯೂಚುವಲ್ ಫಂಡ್‌ನಲ್ಲಿಟ್ಟು ಎಸ್‌ಡಬ್ಲ್ಯುಪಿ ಮೂಲಕ ತಿಂಗಳು ತಿಂಗಳು ತೆಗೆದರೆ ಅಸಲು ನಿಮ್ಮ ಹಿಡಿತದಲ್ಲೇ ಇರುತ್ತದೆ. ಅಪಾಯವಿರುವುದು ಆರಂಭದ ವರ್ಷಗಳಲ್ಲಿ. ಮೊದಲ ವರ್ಷವೇ ಫಂಡ್ 20% ಕುಸಿದರೆ, ತೆಗೆದ 3 ಲಕ್ಷವೂ ಹೋಗಿ ಉಳಿಯುವುದು ಸುಮಾರು 37 ಲಕ್ಷ. ಅದೇ 25,000 ಈಗ ಉಳಿದ ಹಣದ 8%ಕ್ಕೂ ಹೆಚ್ಚು. ಮುಂದೆ ಮಾರುಕಟ್ಟೆ ಚೇತರಿಸಿಕೊಂಡರೂ, ಕಡಿಮೆ ಬೆಲೆಗೆ ಮಾರಿದ ಯೂನಿಟ್‌ಗಳು ಮರಳಿ ಬರುವುದಿಲ್ಲ.

ದಿನಸಿ, ಔಷಧಿ, ಬಾಡಿಗೆಯಷ್ಟಕ್ಕೆ ಆನ್ಯುಟಿ, ಮಿಕ್ಕಿದ್ದಕ್ಕೆ ಎಸ್‌ಡಬ್ಲ್ಯುಪಿ ಎಂಬುದು ನನ್ನ ಆಯ್ಕೆ. ಆಗ ಕುಸಿತದ ವರ್ಷ ಹಿಂತೆಗೆತವನ್ನು ಧೈರ್ಯವಾಗಿ ನಿಲ್ಲಿಸಬಹುದು.