“ಸ್ಟೇ ತರ್ತೀನಿ” ಅಂದವರಿಗೆ ಮೊದಲೇ ಒಂದು ಕೇವಿಯಟ್

“ಹೇಗೆ ಕಟ್ತೀಯೋ ನೋಡ್ತೀನಿ. ನಾಳೆನೇ ಕೋರ್ಟಿಗೆ ಹೋಗಿ ಸ್ಟೇ ತರ್ತೀನಿ.”

ಜಾಗದ ವಿಷಯಕ್ಕೆ ಮಾತು ಬೆಳೆದಾಗ ಹಳ್ಳಿಯಲ್ಲಿ ಈ ಮಾತು ಬಂದೇ ಬರುತ್ತದೆ. ಹೇಳಿದವರಲ್ಲಿ ಅರ್ಧ ಜನ ಮಾರನೇ ದಿನಕ್ಕೆ ಸುಮ್ಮನಾಗುತ್ತಾರೆ. ಉಳಿದವರು ನಿಜವಾಗಿಯೂ ವಕೀಲರ ಬಳಿ ಹೋಗುತ್ತಾರೆ. ಯಾರು ಹೋಗುತ್ತಾರೆ, ಯಾರು ಹೋಗುವುದಿಲ್ಲ ಎಂದು ಮೊದಲೇ ಹೇಳುವುದು ಕಷ್ಟ. ಹಾಗಾಗಿ ಈ ಮಾತು ಕಿವಿಗೆ ಬಿದ್ದ ದಿನವೇ ನಾವು ಮಾಡಬಹುದಾದ ಒಂದು ಕೆಲಸವಿದೆ. ಅದೇ ಕೇವಿಯಟ್ ಅರ್ಜಿ.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಸಾವಿತ್ರಮ್ಮ ಎಂಬ ಹೆಣ್ಣುಮಗಳು ಇದ್ದಾಳೆ ಎಂದುಕೊಳ್ಳಿ. ಗಂಡ ತೀರಿಕೊಂಡಿದ್ದಾನೆ. ನಾಲ್ಕು ಹಸುಗಳಿವೆ, ಹಳೆಯ ಕೊಟ್ಟಿಗೆ ಸೋರುತ್ತಿದೆ. ಗಂಡನ ಪಾಲಿಗೆ ಬಂದ ಜಮೀನಿನ ಅಂಚಿನಲ್ಲಿ ಹೊಸ ಕೊಟ್ಟಿಗೆ ಕಟ್ಟಲು ಸಾಲ ಮಾಡಿ ಇಟ್ಟಿಗೆ, ಸಿಮೆಂಟು, ಶೀಟು ತರಿಸಿದ್ದಾಳೆ. ಪಾಯ ತೆಗೆದ ದಿನ ಬಾವ ಬಂದು, ಆ ಜಾಗ ಇನ್ನೂ ಒಟ್ಟು ಕುಟುಂಬದ್ದು, ಸ್ಟೇ ತರುತ್ತೇನೆ ಎಂದು ಕೂಗಾಡಿ ಹೋಗಿದ್ದಾನೆ.

ಸಾವಿತ್ರಮ್ಮ ಏನೂ ಮಾಡದೆ ಕೂತರೆ ಏನಾಗಬಹುದು? ಬಾವ ತಾಲ್ಲೂಕಿನ ಸಿವಿಲ್ ಕೋರ್ಟಿನಲ್ಲಿ ದಾವೆ ಹಾಕುತ್ತಾನೆ. ಅದರ ಜೊತೆಗೇ, ದಾವೆ ಮುಗಿಯುವವರೆಗೆ ಕಟ್ಟಡ ಕಟ್ಟದಂತೆ ತಡೆಯಿರಿ ಎಂದು ಮಧ್ಯಂತರ ಅರ್ಜಿಯನ್ನೂ ಕೊಡುತ್ತಾನೆ. ನಾವು ಸ್ಟೇ ಎನ್ನುವುದನ್ನು ಕೋರ್ಟಿನಲ್ಲಿ ತಾತ್ಕಾಲಿಕ ತಡೆಯಾಜ್ಞೆ ಎನ್ನುತ್ತಾರೆ. ಇಂಥ ಆಜ್ಞೆ ಕೊಡುವ ಮುಂಚೆ ಎದುರಿನವರಿಗೆ ನೋಟಿಸ್ ಕೊಡಬೇಕು ಎಂಬುದೇ ಸಿವಿಲ್ ಪ್ರಕ್ರಿಯಾ ಸಂಹಿತೆಯ ನಿಯಮ. ಆದರೆ ಅದಕ್ಕೆ ಒಂದು ವಿನಾಯಿತಿ ಇದೆ. ತಡಮಾಡಿದರೆ ಅರ್ಜಿಯ ಉದ್ದೇಶವೇ ಕೆಟ್ಟುಹೋಗುತ್ತದೆ ಎಂದು ನ್ಯಾಯಾಧೀಶರಿಗೆ ಅನಿಸಿದರೆ, ಕಾರಣ ಬರೆದು, ಒಬ್ಬರ ಮಾತನ್ನಷ್ಟೇ ಕೇಳಿ ಆಜ್ಞೆ ಕೊಡಬಹುದು. “ಪಾಯ ತೆಗೆದಾಗಿದೆ ಸ್ವಾಮಿ, ಗೋಡೆ ಎದ್ದಮೇಲೆ ಏನು ಪ್ರಯೋಜನ?” ಎಂದು ಬಾವನ ವಕೀಲರು ವಾದಿಸುವುದು ಇದೇ ವಿನಾಯಿತಿಗಾಗಿ. ಆ ಹೊತ್ತಿನಲ್ಲಿ ನ್ಯಾಯಾಧೀಶರ ಮುಂದೆ ಬಾವನ ಕಾಗದಗಳು ಮಾತ್ರ ಇರುತ್ತವೆ. ಹತ್ತು ವರ್ಷದ ಹಿಂದೆಯೇ ಪಾಲು ಆಗಿದೆ, ಪತ್ರ ನೋಂದಣಿಯಾಗಿದೆ ಎಂದು ಹೇಳುವವರು ಅಲ್ಲಿ ಯಾರೂ ಇಲ್ಲ.

ಆಜ್ಞೆ ಬಂತು ಎಂದರೆ ಕೆಲಸ ನಿಂತಿತು. ಸಾವಿತ್ರಮ್ಮ ವಕೀಲರನ್ನು ಹಿಡಿದು, ತಕರಾರು ಸಲ್ಲಿಸಿ, ಆಜ್ಞೆ ತೆಗೆದುಹಾಕಿ ಎಂದು ಕೇಳಬಹುದು. ಒಬ್ಬರ ಮಾತು ಕೇಳಿ ಆಜ್ಞೆ ಕೊಟ್ಟಿದ್ದರೆ ಆ ಅರ್ಜಿಯನ್ನು 30 ದಿನದೊಳಗೆ ಇತ್ಯರ್ಥ ಮಾಡಲು ಕೋರ್ಟು ಪ್ರಯತ್ನಿಸಬೇಕು ಎಂದು ಕಾನೂನೇ ಹೇಳುತ್ತದೆ. ಆದರೆ ವಾಯಿದೆ ಮೇಲೆ ವಾಯಿದೆ ಬಿದ್ದು ತಿಂಗಳುಗಟ್ಟಲೆ ಎಳೆಯುವುದೂ ಉಂಟು. ಅಷ್ಟರಲ್ಲಿ ಮಳೆಗಾಲ ಹಿಡಿದಿರುತ್ತದೆ, ಸಿಮೆಂಟು ಗಟ್ಟಿಯಾಗಿರುತ್ತದೆ, ಸಾಲದ ಕಂತು ಶುರುವಾಗಿರುತ್ತದೆ.

ಈ ಮೊದಲ ದಿನದ ಪೆಟ್ಟನ್ನು ತಪ್ಪಿಸಲೆಂದೇ ಸಿವಿಲ್ ಪ್ರಕ್ರಿಯಾ ಸಂಹಿತೆಗೆ 1976ರ ತಿದ್ದುಪಡಿಯಲ್ಲಿ 148ಎ ಎಂಬ ಕಲಂ ಸೇರಿಸಿದರು. ಕೇವಿಯಟ್ ಎಂಬುದು ಲ್ಯಾಟಿನ್ ಮಾತು, ‘ಎಚ್ಚರವಿರಲಿ’ ಎಂದು ಅರ್ಥ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, “ಇಂಥವರು ನನ್ನ ಮೇಲೆ ಅರ್ಜಿ ತರಬಹುದು, ತಂದರೆ ನನಗೆ ತಿಳಿಸದೆ ಆದೇಶ ಮಾಡಬೇಡಿ” ಎಂದು ಕೋರ್ಟಿಗೆ ಮುಂಚಿತವಾಗಿ ಬರೆದುಕೊಡುವುದು. ಅದು ದಾಖಲಾದ ಮೇಲೆ ಬಾವ ಅರ್ಜಿ ಹಾಕಿದರೆ ಕೋರ್ಟು ಸಾವಿತ್ರಮ್ಮನಿಗೆ ನೋಟಿಸ್ ಕೊಡಲೇಬೇಕು. ಬಾವನೂ ತನ್ನ ಅರ್ಜಿ ಮತ್ತು ಅದರ ಜೊತೆ ಕೊಟ್ಟ ಕಾಗದಗಳ ನಕಲನ್ನು ಅವಳಿಗೆ ಒದಗಿಸಬೇಕು. ನಕಲಿನ ಖರ್ಚು ಮಾತ್ರ ಅವಳದು.

ಸಾವಿತ್ರಮ್ಮ ಜೂನ್ 3ರಂದು ತಾಲ್ಲೂಕು ಕೋರ್ಟಿಗೆ ಹೋದಳು ಎಂದುಕೊಳ್ಳೋಣ. ವಕೀಲರು ಮೊದಲು ಕೇಳುವುದು ಎರಡು ವಿಷಯ: ಯಾರು ಅರ್ಜಿ ಹಾಕಬಹುದು, ಯಾವ ಜಾಗದ ಬಗ್ಗೆ ಹಾಕಬಹುದು. ಕೇವಿಯಟ್ ಗಟ್ಟಿಯಾಗುವುದೂ ಇಲ್ಲೇ, ಪೊಳ್ಳಾಗುವುದೂ ಇಲ್ಲೇ. ಹೊಸ ದಾವೆ ಬಂದಾಗ ಕೋರ್ಟಿನ ಕಚೇರಿಯವರು ಹೆಸರು ಮತ್ತು ಆಸ್ತಿಯ ವಿವರ ನೋಡಿ ಕೇವಿಯಟ್ ಇದೆಯೇ ಎಂದು ಹುಡುಕುತ್ತಾರೆ. ಸಾವಿತ್ರಮ್ಮ ಬಾವನ ಹೆಸರನ್ನಷ್ಟೇ ಬರೆದು, ದಾವೆಯನ್ನು ಬಾವನ ಮಗ ಹಾಕಿದರೆ, ಆ ಹುಡುಕಾಟದಲ್ಲಿ ಕೇವಿಯಟ್ ಸಿಗದೇ ಹೋಗಬಹುದು. ಆದ್ದರಿಂದ ಬಾವ, ಅವನ ಹೆಂಡತಿ, ವಯಸ್ಸಿಗೆ ಬಂದ ಮಕ್ಕಳು, ಹೀಗೆ ಹಕ್ಕು ಕೇಳಬಹುದಾದ ಎಲ್ಲರ ಹೆಸರನ್ನೂ ಬರೆಯಬೇಕು. ಊರಲ್ಲಿ ಕರೆಯುವ ಹೆಸರು ಸಾಲದು. ಪಹಣಿಯಲ್ಲಿ, ಆಧಾರ್‌ನಲ್ಲಿ ಇರುವ ಹೆಸರು, ತಂದೆಯ ಹೆಸರು ಬೇಕು. ಎರಡು ಹೆಸರಿದ್ದರೆ ‘ಉರುಫ್’ ಎಂದು ಎರಡನ್ನೂ ಹಾಕಿಸಿ. ಜಾಗಕ್ಕೆ ಸರ್ವೆ ನಂಬರು, ವಿಸ್ತೀರ್ಣ, ನಾಲ್ಕೂ ದಿಕ್ಕಿನ ಚಕ್ಕುಬಂದಿ ಬರೆಸಬೇಕು.

ಇನ್ನೊಂದು, ಕೇವಿಯಟ್ ಹಾಕಿದ ಕೋರ್ಟಿಗೆ ಮಾತ್ರ ಅದು ಅನ್ವಯ. ಆಸ್ತಿ ಇರುವ ಜಾಗ ಮತ್ತು ದಾವೆಯ ಮೌಲ್ಯದ ಮೇಲೆ ದಾವೆ ಕಿರಿಯ ಶ್ರೇಣಿ ಸಿವಿಲ್ ನ್ಯಾಯಾಧೀಶರ ಮುಂದೆ ಬರಬಹುದು, ಹಿರಿಯ ಶ್ರೇಣಿಯವರ ಮುಂದೆಯೂ ಬರಬಹುದು. ಯಾವುದು ಎಂದು ಖಾತ್ರಿಯಿಲ್ಲದಿದ್ದರೆ ಎರಡು ಕಡೆಯೂ ಒಂದೊಂದು ಹಾಕುವುದು ಒಳ್ಳೆಯದು. ದಾವೆ ಈಗಾಗಲೇ ನಡೆದು ನೀವು ಗೆದ್ದಿದ್ದರೂ ಕೈಕಟ್ಟಿ ಕೂರಬೇಡಿ. ಸೋತವರು ಮೇಲಿನ ಕೋರ್ಟಿಗೆ ಹೋಗಿ ತೀರ್ಪಿಗೇ ತಡೆ ಕೇಳಬಹುದು. ಆಗ ಕೇವಿಯಟ್ ಆ ಮೇಲಿನ ಕೋರ್ಟಿನಲ್ಲಿ ಇರಬೇಕಾಗುತ್ತದೆ.

ಅರ್ಜಿಯ ಜೊತೆ ವಕಾಲತ್ತು ಹೋಗುತ್ತದೆ. ಕೇವಿಯಟ್ ಹಾಕಿದ್ದೇನೆ ಎಂಬ ನೋಟಿಸನ್ನು ಬಾವನಿಗೆ ಸ್ವೀಕೃತಿ ಸಹಿತ ನೋಂದಾಯಿತ ಅಂಚೆಯಲ್ಲಿ ಕಳಿಸಬೇಕು ಎಂದು ಕಾನೂನು ಹೇಳುತ್ತದೆ. ಅಂಚೆ ರಸೀದಿಯನ್ನು ಕೋರ್ಟಿಗೆ ಕೊಟ್ಟು, ಒಂದು ನಕಲು ನಿಮ್ಮ ಬಳಿಯೂ ಇರಲಿ. ಇಲ್ಲಿ ಅನೇಕ ಹೆಂಗಸರು ಹಿಂಜರಿಯುತ್ತಾರೆ, ನಾವೇ ಜಗಳ ಎಬ್ಬಿಸಿದಂತೆ ಆಗುತ್ತದಲ್ಲ ಎಂದು. ಕೇವಿಯಟ್‌ನಲ್ಲಿ ಬಾವನ ಮೇಲೆ ಯಾವ ದೂರೂ ಇರುವುದಿಲ್ಲ, ಅವನಿಂದ ಏನನ್ನೂ ಕೇಳುವುದಿಲ್ಲ. ಅವನು ಕೋರ್ಟಿಗೆ ಹೋಗದಿದ್ದರೆ ಆ ಕಾಗದ ಸುಮ್ಮನೆ ಕಡತದಲ್ಲಿ ಮಲಗಿರುತ್ತದೆ. ಆ ನೋಟಿಸ್ ಕೈಗೆ ಸಿಕ್ಕಮೇಲೆ ಪಂಚಾಯಿತಿಗೆ ಕೂತು ಮಾತಾಡಲು ಒಪ್ಪುವವರೂ ಇದ್ದಾರೆ ಎನ್ನುವುದು ನನ್ನ ಅನಿಸಿಕೆ.

ಈಗ ದಿನದ ಲೆಕ್ಕ. ಕೇವಿಯಟ್‌ಗೆ ಆಯಸ್ಸು 90 ದಿನ. ಅದನ್ನು ಎಣಿಸುವುದು ಕೋರ್ಟಿನಲ್ಲಿ ಹಾಕಿದ ದಿನದಿಂದ, ಬಾವನಿಗೆ ನೋಟಿಸ್ ತಲುಪಿದ ದಿನದಿಂದ ಅಲ್ಲ. ಜೂನ್ 3ರಂದು ಹಾಕಿದ್ದು ಸೆಪ್ಟೆಂಬರ್ 1ಕ್ಕೆ ಮುಗಿಯುತ್ತದೆ. ಅಷ್ಟರೊಳಗೆ ಬಾವ ಅರ್ಜಿ ಹಾಕಿದರೆ ಸರಿ, ಕೇವಿಯಟ್ ತನ್ನ ಕೆಲಸ ಮಾಡಿತು. ಹಾಕದೆ ಸುಮ್ಮನಿದ್ದು ಸೆಪ್ಟೆಂಬರ್ ಎರಡನೇ ವಾರದಲ್ಲಿ ಹಾಕಿದರೆ ಹಳೆಯ ಕೇವಿಯಟ್‌ಗೆ ಬೆಲೆಯಿಲ್ಲ. ಕಾದು ಕೂತು 91ನೇ ದಿನಕ್ಕೆ ಹೋಗುವವರೂ ಇರುತ್ತಾರೆ. ಹಾಗಾಗಿ ಕೊಟ್ಟಿಗೆ ಕೆಲಸ ಅಷ್ಟರಲ್ಲಿ ಮುಗಿಯದಿದ್ದರೆ ಆಗಸ್ಟ್ ಕೊನೆಯಲ್ಲೇ ಹೊಸದಾಗಿ ಇನ್ನೊಂದು ಕೇವಿಯಟ್ ಹಾಕಿ, ಹೊಸ ನೋಟಿಸ್ ಕಳಿಸಬೇಕು. ಕ್ಯಾಲೆಂಡರಿನಲ್ಲಿ ಹಸುವಿಗೆ ಸೂಜಿ ಕೊಡಿಸಿದ ದಿನ ಗುರುತು ಮಾಡುತ್ತೀರಲ್ಲ, ಹಾಗೇ ಇದನ್ನೂ ಗುರುತು ಹಾಕಿ.

ಜೂನ್ 12ಕ್ಕೆ ಬಾವ ದಾವೆ ಹಾಕಿದ ಎಂದುಕೊಳ್ಳಿ. ನೋಟಿಸ್ ಬರುತ್ತದೆ. ಅರ್ಜಿಯ ನಕಲು ಕೈಗೆ ಸಿಕ್ಕಮೇಲೆ ವಿಚಾರಣೆಗೆ ಇರುವ ಸಮಯ ಕಡಿಮೆ, ಕೆಲವೊಮ್ಮೆ ಒಂದೆರಡು ದಿನ ಅಷ್ಟೆ. ಆ ದಿನ ಸಾವಿತ್ರಮ್ಮನ ಪರವಾಗಿ ಯಾರೂ ಹೋಗದಿದ್ದರೆ ಕೋರ್ಟು ಆಜ್ಞೆ ಕೊಡಬಹುದು. ಕೇವಿಯಟ್ ಬಾಗಿಲು ತೆರೆಸುತ್ತದೆ, ಒಳಗೆ ಹೋಗಿ ಮಾತಾಡಬೇಕಾದವರು ನಾವೇ. ಆದ್ದರಿಂದ ಕಾಗದಗಳೆಲ್ಲ ಒಂದು ಚೀಲದಲ್ಲಿ ಮೊದಲೇ ಸಿದ್ಧವಿರಬೇಕು: ನೋಂದಣಿಯಾದ ಪಾಲುಪತ್ರ, ಗಂಡ ತೀರಿಕೊಂಡ ಮೇಲೆ ಮಾಡಿಸಿದ ಪೌತಿ ಖಾತೆ, ಈ ಸಾಲಿನ ಪಹಣಿ, ಕಂದಾಯ ರಸೀದಿ, ಸಾಮಾನು ತಂದ ಬಿಲ್ಲು, ಪಾಯದ ಫೋಟೋ. ಪೌತಿ ಖಾತೆ ಮಾಡಿಸದೆ ಪಹಣಿ ಇನ್ನೂ ಮಾವನ ಹೆಸರಿನಲ್ಲೇ ಇದ್ದರೆ ಸಾವಿತ್ರಮ್ಮನ ಮಾತು ಆ ದಿನ ದುರ್ಬಲವಾಗುತ್ತದೆ.

ಎರಡೂ ಕಡೆ ಕೇಳಿದ ನ್ಯಾಯಾಧೀಶರು ಬಾವನ ಅರ್ಜಿಯನ್ನು ತಳ್ಳಿಹಾಕಬಹುದು. ಯಾವ ಆಜ್ಞೆಯನ್ನೂ ಕೊಡದೆ ತಕರಾರು ಸಲ್ಲಿಸಲು ಸಮಯ ಕೊಡಬಹುದು. ಯಥಾಸ್ಥಿತಿ ಕಾಯ್ದುಕೊಳ್ಳಿ ಎನ್ನಬಹುದು, ಅಂದರೆ ಇದ್ದದ್ದು ಇದ್ದ ಹಾಗೇ ಇರಲಿ ಎಂದು. ಆಗ ಗೋಡೆ ಎಷ್ಟು ಎದ್ದಿತ್ತು ಎಂಬುದೇ ಜಗಳವಾಗುತ್ತದೆ, ಅದಕ್ಕೇ ಆ ಫೋಟೋ ಬೇಕು. ಬಾವನ ಕಾಗದಗಳೇ ಗಟ್ಟಿಯಾಗಿದ್ದರೆ ತಡೆಯಾಜ್ಞೆಯೂ ಬರಬಹುದು. ಕೇಳದೆ ಆಜ್ಞೆ ಮಾಡುವುದನ್ನಷ್ಟೇ ಕೇವಿಯಟ್ ತಡೆಯುತ್ತದೆ, ದಾವೆ ಹಾಕುವುದನ್ನಲ್ಲ. ರಾತ್ರಿ ಬಂದು ಯಾರೋ ಗೋಡೆ ಕೆಡವಿದರೆ ಅದಕ್ಕೆ ಪೊಲೀಸ್ ದೂರೇ ದಾರಿ. ಇನ್ನು, ಕೇವಿಯಟ್ ಇದ್ದೂ ಕಣ್ತಪ್ಪಿನಿಂದ ಆಜ್ಞೆ ಬಂದಿತು ಎನ್ನಿ. ಆ ಆಜ್ಞೆ ತಾನಾಗಿ ಬಿದ್ದುಹೋಗುತ್ತದೆ ಎಂದುಕೊಂಡು ಕೆಲಸ ಮುಂದುವರಿಸಬೇಡಿ. ಕೇವಿಯಟ್ ನಂಬರು ತೋರಿಸಿ, ಅದನ್ನು ತೆಗೆದುಹಾಕಲು ಕೂಡಲೇ ಅರ್ಜಿ ಹಾಕಿಸಬೇಕು.

ಇದು ತಿರುಗಿಯೂ ಬರಬಹುದು. ಒಂದು ದಿನ ಅಂಚೆಯವರು ನಿಮ್ಮ ಮನೆಗೇ ಯಾರದೋ ಕೇವಿಯಟ್ ನೋಟಿಸ್ ತಂದರೆ ಹೆದರಿ ವಾಪಸು ಕಳಿಸಬೇಡಿ. ಅದು ಕೇಸಲ್ಲ, ಅದಕ್ಕೆ ನೀವು ಕೋರ್ಟಿಗೆ ಹೋಗಬೇಕಾಗಿಲ್ಲ. ನೀವು ಏನಾದರೂ ತಡೆ ತರಲು ಹೊರಟಿದ್ದರೆ ಅವರನ್ನೂ ಕೇಳುತ್ತಾರೆ ಎಂಬ ಸೂಚನೆ ಅಷ್ಟೆ. ಅದರಲ್ಲಿ ಯಾವ ಸರ್ವೆ ನಂಬರು ಬರೆದಿದ್ದಾರೆ ಎಂದು ಓದಿಸಿಕೊಳ್ಳಿ. ಎದುರಿನವರು ಆ ಜಾಗದಲ್ಲಿ ಏನೋ ಕೆಲಸಕ್ಕೆ ಹೊರಟಿದ್ದಾರೆ ಎಂಬುದು ಅದರಿಂದಲೇ ಗೊತ್ತಾಗಬಹುದು.

ವಕೀಲರಿಗೆ ಕೊಡಲು ದುಡ್ಡೆಲ್ಲಿ ಎಂದು ಕೇಳುವವರಿಗೆ ಒಂದು ಮಾತು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯಲ್ಲಿ ಹೆಣ್ಣುಮಕ್ಕಳಿಗೆ ಉಚಿತ ಕಾನೂನು ನೆರವಿನ ಹಕ್ಕಿದೆ. ಇದಕ್ಕೆ ಆದಾಯದ ಮಿತಿ ನೋಡುವುದಿಲ್ಲ. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಇರುವ ತಾಲ್ಲೂಕು ಕಾನೂನು ಸೇವೆಗಳ ಸಮಿತಿಯ ಕಚೇರಿಗೆ ಹೋಗಿ, ಕೇವಿಯಟ್ ಹಾಕಬೇಕು ಎಂದು ಅರ್ಜಿ ಬರೆದುಕೊಟ್ಟರೆ ವಕೀಲರನ್ನು ನೇಮಿಸಿಕೊಡುತ್ತಾರೆ. ಫೋನಿನಲ್ಲಿ ಕೇಳುವುದಾದರೆ ಸಹಾಯವಾಣಿ 15100. ಹೋಗುವಾಗ ಆಧಾರ್ ಕಾರ್ಡು, ಪಹಣಿ, ಮತ್ತು ಅರ್ಜಿ ಹಾಕಬಹುದು ಎನ್ನುವವರ ಪೂರ್ತಿ ಹೆಸರು, ವಿಳಾಸ ಬರೆದ ಚೀಟಿ ಜೊತೆಗಿರಲಿ.