ನಂಬರ್ ಬರೆದುಕೊಂಡ ಮಾತ್ರಕ್ಕೆ ಗಿರಾಕಿ ಮರಳುತ್ತಾರೆಯೇ?

ಒಂದು ಗಾಣದ ಎಣ್ಣೆ ಅಂಗಡಿ ಎಂದುಕೊಳ್ಳಿ. ಗಲ್ಲಾಪೆಟ್ಟಿಗೆಯ ಪಕ್ಕದ ಪುಸ್ತಕದಲ್ಲಿ ಬಂದವರ ಹೆಸರು, ಮೊಬೈಲ್ ನಂಬರ್. ಇನ್ನೂರು ನಂಬರ್ ಸೇರಿದ ಮೇಲೆ ಮಾಲೀಕರು ಎಲ್ಲವನ್ನೂ ವಾಟ್ಸಾಪ್ ಬ್ರಾಡ್‌ಕಾಸ್ಟ್ ಪಟ್ಟಿಗೆ ಹಾಕಿ, ‘ತಾಜಾ ಕಡಲೆಕಾಯಿ ಎಣ್ಣೆ ಸಿದ್ಧ’ ಎಂದು ಕಳಿಸುತ್ತಾರೆ. ಬಂದವರು ಬೆರಳೆಣಿಕೆಯಷ್ಟು. ‘ಇದೆಲ್ಲ ದೊಡ್ಡ ಅಂಗಡಿಯವರಿಗೆ ಸರಿ’ ಎಂದು ಅಲ್ಲಿಗೇ ಬಿಡುತ್ತಾರೆ.

ತಪ್ಪು ಕಲ್ಪನೆ: ನಮ್ಮ ಬಳಿ ನಂಬರ್ ಇದ್ದರೆ ಮೆಸೇಜ್ ತಲುಪುತ್ತದೆ

ಬ್ರಾಡ್‌ಕಾಸ್ಟ್‌ನಲ್ಲಿ ಲೆಕ್ಕ ತಿರುವುಮುರುವು. ಗಿರಾಕಿಯ ನಂಬರ್ ನಿಮ್ಮ ಫೋನಿನಲ್ಲಿದ್ದರೆ ಸಾಲದು, ನಿಮ್ಮ ನಂಬರನ್ನು ಅವರೂ ಸೇವ್ ಮಾಡಿಕೊಂಡಿರಬೇಕು. ಇಲ್ಲದಿದ್ದರೆ ಆ ಮೆಸೇಜ್ ಅವರಿಗೆ ಹೋಗುವುದೇ ಇಲ್ಲ. ಹೋಗಲಿಲ್ಲವೆಂದು ನಿಮಗೆ ಯಾರೂ ಹೇಳುವುದೂ ಇಲ್ಲ.

ಪತ್ತೆ ಮಾಡುವುದು ಸುಲಭ. ಕಳಿಸಿದ ಮೆಸೇಜನ್ನು ಒತ್ತಿ ಹಿಡಿದು ಇನ್ಫೋ ತೆರೆದರೆ ಯಾರಿಗೆ ತಲುಪಿದೆ, ಯಾರು ಓದಿದ್ದಾರೆ ಎಂಬುದು ಹೆಸರು ಸಮೇತ ಕಾಣುತ್ತದೆ. ಒಂದು ದಿನ ಫೋನ್ ಆಫ್ ಇದ್ದಿರಬಹುದು, ಆದ್ದರಿಂದ ಎರಡು ಮೂರು ದಿನ ಬಿಟ್ಟು ನೋಡಿ. ಆಗಲೂ ಎರಡೂ ಕಡೆ ಕಾಣದ ಹೆಸರು ಬಹುಮಟ್ಟಿಗೆ ನಿಮ್ಮನ್ನು ಸೇವ್ ಮಾಡದವರದು, ಇಲ್ಲವೇ ಬ್ಲಾಕ್ ಮಾಡಿದವರದು.

ಸೇವ್ ಮಾಡಿಸುವ ಜಾಗ ಕೌಂಟರ್. ‘ಮುಂದಿನ ಸಲ ಗಾಣ ಹಾಕುವ ಮುಂಚೆ ತಿಳಿಸ್ತೀವಿ, ನಮ್ಮ ನಂಬರ್ ಸೇವ್ ಮಾಡ್ಕೊಳ್ಳಿ, ಒಂದು ಹಾಯ್ ಕಳಿಸಿ ಅಕ್ಕ’ ಎಂದು ಬಿಲ್ ಮಾಡುವಾಗಲೇ ಕೇಳಿ. ಇದರಲ್ಲಿ ಅವರ ಒಪ್ಪಿಗೆಯೂ ಸೇರಿಕೊಳ್ಳುತ್ತದೆ. ಬೇಡವೆಂದವರನ್ನು ಒತ್ತಾಯಿಸಬೇಡಿ. ಯಾರಿಂದಲೋ ಕೊಂಡ ನಂಬರ್‌ಗಳ ಪಟ್ಟಿಯಂತೂ ದುಡ್ಡು ದಂಡ: ಅದರಲ್ಲಿರುವವರು ನಿಮ್ಮನ್ನು ಸೇವ್ ಮಾಡಿರುವುದಿಲ್ಲ. ಒಬ್ಬೊಬ್ಬರಿಗೇ ಕಳಿಸಲು ಹೊರಟರೆ ಹಲವರು ರಿಪೋರ್ಟ್ ಮಾಡಿ, ಅಂಗಡಿಯ ಖಾತೆಯೇ ಬಂದ್ ಆದೀತು.

ತಪ್ಪು ಕಲ್ಪನೆ: ಇಷ್ಟೆಲ್ಲ ಯಾಕೆ, ಒಂದು ಗ್ರೂಪ್ ಮಾಡಿದರಾಯಿತು

ಗ್ರೂಪ್‌ನಲ್ಲಿ ಮೆಸೇಜ್ ಎಲ್ಲರಿಗೂ ತಲುಪುತ್ತದೆ, ನಿಜ. ಜೊತೆಗೆ ಒಬ್ಬರ ನಂಬರ್ ಇನ್ನೊಬ್ಬರ ಕಣ್ಣಿಗೆ ಬೀಳುತ್ತದೆ, ಹೆಣ್ಣುಮಕ್ಕಳು ಇದೇ ಕಾರಣಕ್ಕೆ ಹೊರನಡೆಯಬಹುದು. ಬ್ರಾಡ್‌ಕಾಸ್ಟ್‌ಗೆ ಬಂದ ಉತ್ತರ ನಿಮಗೊಬ್ಬರಿಗೇ ಬರುತ್ತದೆ. ಒಂದು ಪಟ್ಟಿಗೆ 256 ಜನರ ಮಿತಿಯಿದೆ, ಆದರೆ ಮುಂದೆ ಹೇಳುವಂತೆ ಮಾಡಿದರೆ ಅಷ್ಟು ದೊಡ್ಡ ಪಟ್ಟಿಯೇ ಬೇಕಾಗುವುದಿಲ್ಲ.

ತಪ್ಪು ಕಲ್ಪನೆ: ಎಲ್ಲರಿಗೂ ಕಳಿಸಿದಷ್ಟೂ ಲಾಭ

ನಿನ್ನೆ ತಾನೇ 5 ಲೀಟರ್ ಕ್ಯಾನ್ ಒಯ್ದವರಿಗೆ ಇವತ್ತು ಎಣ್ಣೆಯ ಸುದ್ದಿ ಯಾಕೆ? ಹೀಗೆ ನಾಲ್ಕು ಸಲ ಆದರೆ ಐದನೆಯದನ್ನು ತೆರೆಯದೆಯೇ ದಾಟಿಸುತ್ತಾರೆ, ಮನೆಯಲ್ಲಿ ಎಣ್ಣೆ ಮುಗಿದಿದ್ದರೂ ಸರಿ. ಗಿರಾಕಿಯ ಕ್ಯಾನ್ ಯಾವಾಗ ಖಾಲಿಯಾಗುತ್ತದೆ ಎಂಬುದೇ ಇಲ್ಲಿ ಮುಖ್ಯ, ಅದು ನಿಮ್ಮ ಪುಸ್ತಕದಲ್ಲೇ ಇದೆ, ಹೆಸರಿನ ಮುಂದೆ ದಿನಾಂಕ ಮತ್ತು ಲೀಟರ್ ಬರೆದಿದ್ದರೆ.

ಒಬ್ಬರು ಜೂನ್ 3ಕ್ಕೆ 5 ಲೀಟರ್ ಒಯ್ದು, ಜುಲೈ 18ಕ್ಕೆ ಮತ್ತೆ ಬಂದರು ಎನ್ನಿ. ನಡುವೆ 45 ದಿನ. ಅದೇ ಲೆಕ್ಕದಲ್ಲಿ ಮುಂದಿನ ಖರೀದಿ ಸೆಪ್ಟೆಂಬರ್ 1ರ ಸುಮಾರಿಗೆ ಬೀಳುತ್ತದೆ. ಮೆಸೇಜ್ ಹೋಗಬೇಕಾದ್ದು ಆಗಸ್ಟ್ 27ರ ಆಸುಪಾಸಿನಲ್ಲಿ: ಎಣ್ಣೆ ತಳ ಕಾಣುತ್ತಿರಬೇಕು, ಬೇರೆ ಅಂಗಡಿಯಿಂದ ಪ್ಯಾಕೆಟ್ ಇನ್ನೂ ಬಂದಿರಬಾರದು. ವಾಟ್ಸಾಪ್ ಬಿಸಿನೆಸ್‌ನಲ್ಲಿ ಲೇಬಲ್ ಎಂಬ ಸೌಲಭ್ಯವಿದೆ. ಅವರ ಹೆಸರಿಗೆ ‘ಆಗಸ್ಟ್ ಕೊನೆ ವಾರ’ ಎಂಬ ಲೇಬಲ್ ಹಚ್ಚಿ, ಆ ವಾರ ಅಷ್ಟು ಜನಕ್ಕೆ ಮಾತ್ರ ಕಳಿಸಿ. ಅವರು ಬಂದು ಕೊಂಡ ದಿನವೇ ಲೇಬಲ್ ಬದಲಿಸಿ. ಇದನ್ನು ಮರೆತರೆ ಮಾಡಿದ್ದೆಲ್ಲ ನೀರುಪಾಲು. ಗಣೇಶನ ಹಬ್ಬ, ದೀಪಾವಳಿಯಲ್ಲಿ ಕರಿಯುವ ಕೆಲಸ ಹೆಚ್ಚು, ಎಣ್ಣೆ ಬೇಗ ಮುಗಿಯುತ್ತದೆ. ಆಗ ಒಂದು ವಾರ ಮುಂಚಿತವಾಗಿಯೇ ಕಳಿಸುವುದು ಒಳ್ಳೆಯದು.

ಮೆಸೇಜ್ ಉದ್ದ ಬೇಡ: ‘ನಮಸ್ಕಾರ, ಶನಿವಾರ ಕಡಲೆಕಾಯಿ ಗಾಣ ಹಾಕುತ್ತಿದ್ದೇವೆ. ನಿಮಗೆ ಎತ್ತಿಡಬೇಕಾದರೆ ಎಷ್ಟು ಲೀಟರ್ ಎಂದು ಬರೆದು ಕಳಿಸಿ.’ ಹೂವಿನ ಚಿತ್ರದ ಶುಭೋದಯಕ್ಕಿಂತ ಇದು ಸಾವಿರ ಪಾಲು ಮೇಲು. ಒಂದು ಅಂಕಿ ಒತ್ತಿದರೆ ಉತ್ತರವಾಯಿತು, ಎಷ್ಟು ಕಾಯಿ ಹಾಕಬೇಕೆಂದು ನಿಮಗೂ ತಿಳಿಯಿತು. ರಿಯಾಯಿತಿಯನ್ನು ಇದರೊಳಗೆ ತುರುಕಬೇಡಿ. ಹೇಗೂ ಕೊಳ್ಳುವವರಿಗೆ ಬೆಲೆ ಇಳಿಸಿದರೆ ಕಳೆದುಕೊಳ್ಳುವವರು ನೀವೇ.

ತಪ್ಪು ಕಲ್ಪನೆ: ಮೆಸೇಜ್ ಕಳಿಸಿದ ಮೇಲೆ ಬಂದವರೆಲ್ಲ ಮೆಸೇಜಿನಿಂದಲೇ ಬಂದವರು

ಎಣ್ಣೆ ಮುಗಿದವರು ಹೇಗೂ ಬರುತ್ತಿದ್ದರೇನೋ. ತಿಳಿಯಲು ಒಂದು ದಾರಿಯಿದೆ. ಈ ವಾರ ಕ್ಯಾನ್ ಮುಗಿಯುವವರು 60 ಜನ ಎಂದಾದರೆ, ಚೀಟಿ ಎತ್ತಿದ ಹಾಗೆ 20 ಹೆಸರನ್ನು ಬದಿಗಿಟ್ಟು 40 ಜನಕ್ಕೆ ಕಳಿಸಿ. ಹತ್ತು ದಿನದಲ್ಲಿ ಆ 40ರಲ್ಲಿ 20 ಜನ ಬಂದು, ಬದಿಗಿಟ್ಟ 20ರಲ್ಲಿ 10 ಜನ ಬಂದಿದ್ದರೆ ಎರಡೂ ಕಡೆ ಅರ್ಧರ್ಧ; ಮೆಸೇಜ್ ಏನನ್ನೂ ತರಲಿಲ್ಲ. ಅದೇ 20ರಲ್ಲಿ 5 ಜನ ಮಾತ್ರ ಬಂದಿದ್ದರೆ, ಕಳಿಸದಿದ್ದಾಗ 40ರಲ್ಲಿ ಬರುತ್ತಿದ್ದವರು ಸುಮಾರು 10 ಜನ, ಉಳಿದ 10 ಜನ ಮೆಸೇಜಿನ ಫಲ. ಇಷ್ಟು ಚಿಕ್ಕ ಸಂಖ್ಯೆಯಲ್ಲಿ ಒಂದು ವಾರದ ಫಲಿತಾಂಶ ಮೋಸ ಮಾಡಬಹುದು, ಹಾಗಾಗಿ ಪ್ರತಿ ಸಲ ಬೇರೆ ಬೇರೆ ಹೆಸರುಗಳನ್ನು ಬದಿಗಿಟ್ಟು ನಾಲ್ಕಾರು ವಾರದ ಲೆಕ್ಕ ಕೂಡಿಸಿ ನೋಡಬೇಕು.