ಹಳದಿ ಪಟ್ಟಿಯತ್ತ ಸರಿಯುವ ಬೆಲೆ

ಲಿಕ್ವಿಡೇಶನ್ ಹೀಟ್‌ಮ್ಯಾಪ್ ಎಂದರೆ ಸಾಲದ ಬಲದ ಮೇಲೆ ನಿಂತ ವಹಿವಾಟುಗಳು ಯಾವ ಬೆಲೆಗೆ ಬಂದಾಗ ಬಲವಂತವಾಗಿ ಮುಚ್ಚಿಹೋಗಬಹುದು ಎಂಬ ಅಂದಾಜನ್ನು ಬಣ್ಣದಲ್ಲಿ ತೋರಿಸುವ ನಕ್ಷೆ. ಬಿಟ್‌ಕಾಯಿನ್‌ನಂಥ ಕ್ರಿಪ್ಟೊ ನಾಣ್ಯಗಳ ಫ್ಯೂಚರ್ಸ್ ಮಾರುಕಟ್ಟೆಯಲ್ಲಿ ಇದರ ಬಳಕೆ ಹೆಚ್ಚು. ಕಾಯಿನ್‌ಗ್ಲಾಸ್ ತೋರಿಸುವ ನಕ್ಷೆಯಲ್ಲಿ ಹಿನ್ನೆಲೆ ಕಡು ನೇರಳೆ, ನಡುವೆ ಬೆಲೆಯ ಏರಿಳಿತದ ಗೆರೆ, ಅದರ ಮೇಲೂ ಕೆಳಗೂ ಅಡ್ಡಡ್ಡ ಪಟ್ಟಿಗಳು. ಪಟ್ಟಿ ಹಳದಿಯತ್ತ ತಿರುಗಿದಷ್ಟೂ ಆ ಬೆಲೆಯಲ್ಲಿ ಸಿಕ್ಕಿಬೀಳುವ ವಹಿವಾಟು ಹೆಚ್ಚು ಎಂದರ್ಥ. ಬೆಲೆಯ ಗೆರೆ ಹೋಗಿ ಹಳದಿ ಪಟ್ಟಿಯನ್ನು ಮುಟ್ಟುವುದು, ಪಟ್ಟಿ ಅಳಿಸಿಹೋಗುವುದು, ಬೆಲೆ ಅಲ್ಲಿಂದಲೇ ಹಿಂದಿರುಗುವುದು ಇಂಥ ನಕ್ಷೆಗಳಲ್ಲಿ ಮತ್ತೆ ಮತ್ತೆ ಕಾಣಸಿಗುವ ದೃಶ್ಯ. ಯಾರೋ ಬೇಕೆಂದೇ ಬೆಲೆಯನ್ನು ಅಲ್ಲಿಗೆ ಎಳೆದೊಯ್ದರು ಎಂಬ ಗುಮಾನಿ ಹುಟ್ಟುವುದು ಸಹಜ. ಆ ಗುಮಾನಿ ಕೆಲವೊಮ್ಮೆ ನಿಜ, ಬಹಳ ಸಲ ಅನಗತ್ಯ.

ಲಿಕ್ವಿಡೇಶನ್ ನಡೆಯುವ ಬಗೆ ಚಿನ್ನದ ಸಾಲದಂತೆಯೇ. ಒಡವೆಯ ಬೆಲೆ ಸಾಲದ ಮೊತ್ತದ ಹತ್ತಿರಕ್ಕೆ ಕುಸಿದರೆ ಸಾಲ ಕೊಟ್ಟವರು ಒಡವೆಯನ್ನು ಹರಾಜಿಗೆ ಹಾಕುತ್ತಾರೆ. ಇಲ್ಲಿ ವ್ಯತ್ಯಾಸವೆಂದರೆ ನೋಟಿಸ್ ಇಲ್ಲ, ಗಡುವಿಲ್ಲ. ಗೆರೆ ದಾಟಿದ ಕ್ಷಣದಲ್ಲಿ ಎಕ್ಸ್‌ಚೇಂಜ್‌ನ ಯಂತ್ರವೇ ಮಾರಿಬಿಡುತ್ತದೆ. ಬಿಟ್‌ಕಾಯಿನ್ ಒಂದು ಲಕ್ಷ ಡಾಲರ್ ಇದ್ದಾಗ ಒಬ್ಬರು 50 ಪಟ್ಟು ಲೆವರೇಜ್‌ನಲ್ಲಿ ಕೊಂಡರು ಎನ್ನೋಣ. ಅವರು ಕೈಯಿಂದ ಹಾಕಿದ ಮಾರ್ಜಿನ್ 2,000 ಡಾಲರ್. ಬೆಲೆ ಶೇ 2ರಷ್ಟು ಇಳಿದರೆ ಅದಿಷ್ಟೂ ಕರಗುತ್ತದೆ. ಆದರೆ ಎಕ್ಸ್‌ಚೇಂಜ್ ಅಲ್ಲಿಯವರೆಗೆ ಕಾಯುವುದಿಲ್ಲ. ತನಗೆ ನಷ್ಟ ತಟ್ಟದಂತೆ ಕನಿಷ್ಠ ಮಾರ್ಜಿನ್ ಉಳಿದಿರುವಾಗಲೇ ಮುಚ್ಚಿಸುತ್ತದೆ. ಈ ಕನಿಷ್ಠ ಪ್ರಮಾಣ ಶೇ 0.5 ಎಂದುಕೊಂಡರೆ, 50 ಪಟ್ಟಿನವರ ಕಥೆ ಸುಮಾರು 98,500 ಡಾಲರ್‌ಗೆ ಮುಗಿಯುತ್ತದೆ. ಅದೇ ಬೆಲೆಗೆ ಕೊಂಡ 100 ಪಟ್ಟಿನವರದು 99,500ಕ್ಕೆ, 25 ಪಟ್ಟಿನವರದು 96,500ಕ್ಕೆ, 10 ಪಟ್ಟಿನವರದು 90,500ಕ್ಕೆ. ಬೆಲೆ ಇಳಿಯುತ್ತದೆಂದು ಬಾಜಿ ಕಟ್ಟಿ ಶಾರ್ಟ್ ಮಾಡಿದವರ ಗೆರೆಗಳು ಇದೇ ಲೆಕ್ಕದಲ್ಲಿ ಮೇಲ್ಗಡೆ ಬೀಳುತ್ತವೆ.

ನಕ್ಷೆ ಹುಟ್ಟುವುದು ಈ ಲೆಕ್ಕದಿಂದ. ಯಾರು ಎಷ್ಟು ಲೆವರೇಜ್ ತೆಗೆದುಕೊಂಡಿದ್ದಾರೆ ಎಂಬುದನ್ನು ಸಾಮಾನ್ಯವಾಗಿ ಎಕ್ಸ್‌ಚೇಂಜ್‌ಗಳು ಹೊರಗೆ ಹೇಳುವುದಿಲ್ಲ. ಅವು ಪ್ರಕಟಿಸುವುದು ಬೆಲೆ, ವಹಿವಾಟಿನ ಪ್ರಮಾಣ ಮತ್ತು ಓಪನ್ ಇಂಟರೆಸ್ಟ್, ಅಂದರೆ ಇನ್ನೂ ಮುಚ್ಚದೆ ಉಳಿದಿರುವ ಒಟ್ಟು ವಹಿವಾಟು. ಒಂದು ಲಕ್ಷದ ಆಸುಪಾಸಿನಲ್ಲಿ ಓಪನ್ ಇಂಟರೆಸ್ಟ್ ಏಕಾಏಕಿ ಏರಿದರೆ ಅಲ್ಲಿ ಹೊಸಬರು ಒಳಬಂದಿದ್ದಾರೆ ಎಂದು ನಕ್ಷೆ ಮಾಡುವವರು ಊಹಿಸುತ್ತಾರೆ. ಅವರಲ್ಲಿ ಇಷ್ಟು ಪಾಲು 100 ಪಟ್ಟು, ಇಷ್ಟು ಪಾಲು 50 ಪಟ್ಟು ಎಂದು ಹಂಚಿ, ಅವರವರ ಗೆರೆಗಳಿಗೆ ಬಣ್ಣ ತುಂಬುತ್ತಾರೆ. ಅಂದರೆ ಹಳದಿ ಪಟ್ಟಿ ಯಾರೋ ಕಣ್ಣಾರೆ ಕಂಡು ಎಣಿಸಿದ್ದಲ್ಲ, ಲೆಕ್ಕ ಹಾಕಿ ಊಹಿಸಿದ್ದು. ಜನ ತಾವಾಗಿಯೇ ಇಟ್ಟುಕೊಳ್ಳುವ ಸ್ಟಾಪ್ ಲಾಸ್ ಆರ್ಡರ್‌ಗಳಂತೂ ಇದರಲ್ಲಿ ಇರುವುದೇ ಇಲ್ಲ. ಆದರೂ ಅವು ದೂರವೇನಿರುವುದಿಲ್ಲ. ಲಿಕ್ವಿಡೇಶನ್‌ಗೆ ಸಿಕ್ಕಿ ದಂಡ ತೆರುವುದಕ್ಕಿಂತ ಸ್ವಲ್ಪ ಮೊದಲೇ ಹೊರಬೀಳೋಣ ಎಂದು ಸ್ಟಾಪ್ ಇಡುವವರು ಅದೇ ಗೆರೆಯ ಸನಿಹದಲ್ಲೇ ಇಡುತ್ತಾರೆ. ಹಾಗಾಗಿ ಒಂದು ಕಡೆ ಎರಡೂ ಬಗೆಯ ಆರ್ಡರ್‌ಗಳು ಒಟ್ಟುಗೂಡುತ್ತವೆ.

ಇಂಥ ಗುಂಪಿನ ವಿಶೇಷವೆಂದರೆ, ಲಾಂಗ್ ಹಿಡಿದವರ ಲಿಕ್ವಿಡೇಶನ್ ಎಂಬುದು ಬೆಲೆ ನೋಡದೆ ಮಾಡುವ ಮಾರಾಟ. ಒಳ್ಳೆಯ ದರ ಬರಲಿ ಎಂದು ಅದು ಕಾಯುವುದಿಲ್ಲ. ದೊಡ್ಡ ಮೊತ್ತ ಕೊಳ್ಳಬೇಕಾದವರಿಗೆ ಇದಕ್ಕಿಂತ ಬೇಕಾದ್ದು ಇನ್ನೊಂದಿಲ್ಲ. ಒಂದು ಕಾಲ್ಪನಿಕ ಉದಾಹರಣೆಯಲ್ಲಿ ಇದನ್ನು ಬಿಡಿಸಿ ನೋಡಬಹುದು. ಬೆಲೆ 99,000 ಡಾಲರ್. ಆರ್ಡರ್ ಬುಕ್‌ನಲ್ಲಿ ಮೇಲೂ ಕೆಳಗೂ ಪ್ರತಿ ನೂರು ಡಾಲರ್‌ಗೆ 40 ಬಿಟ್‌ಕಾಯಿನ್‌ನಷ್ಟು ಆರ್ಡರ್‌ಗಳಿವೆ. 98,500ರಲ್ಲಿ 600 ಬಿಟ್‌ಕಾಯಿನ್‌ನಷ್ಟು ಲಾಂಗ್‌ಗಳು ಸಿಕ್ಕಿಬೀಳುವಂತಿವೆ. ಒಬ್ಬ ದೊಡ್ಡ ವ್ಯಾಪಾರಿಗೆ 320 ಬಿಟ್‌ಕಾಯಿನ್ ಬೇಕು. ನೇರವಾಗಿ ಕೊಳ್ಳಲು ಹೊರಟರೆ ಎಂಟು ಮೆಟ್ಟಿಲಿನ ಮಾರಾಟಗಾರರನ್ನು ಖಾಲಿ ಮಾಡಬೇಕು. ಬೆಲೆ 99,800ರವರೆಗೆ ಏರುತ್ತದೆ, ಏರಿದ ಬೆಲೆಯನ್ನು ಅವನೇ ತೆರಬೇಕು.

ಅದರ ಬದಲು ಅವನು ಮೊದಲು 200 ಬಿಟ್‌ಕಾಯಿನ್ ಮಾರುತ್ತಾನೆ. ಐದು ಮೆಟ್ಟಿಲಿನ ಕೊಳ್ಳುವವರು ಮುಗಿದು ಬೆಲೆ 98,500 ಮುಟ್ಟುತ್ತದೆ. ಅವನಿಗೆ ಸಿಕ್ಕಿದ ಸರಾಸರಿ ಸುಮಾರು 98,750. ಆಗ 600 ಬಿಟ್‌ಕಾಯಿನ್‌ನ ಬಲವಂತದ ಮಾರಾಟ ಸುರಿಯುತ್ತದೆ. 98,300ರಲ್ಲಿ ಅವನು ಮೊದಲೇ ದೊಡ್ಡದೊಂದು ಕೊಳ್ಳುವ ಆರ್ಡರ್ ಇಟ್ಟು ಕಾಯುತ್ತಿದ್ದಾನೆ. ದಾರಿಯಲ್ಲಿ ಬೇರೆಯವರು ಕೊಂಡ 80 ಕಳೆದರೆ ಉಳಿದ 520 ಅವನ ಜೋಳಿಗೆಗೆ. ಮಾರಿದ 200 ಮರಳಿ ಬಂತು, ಬೇಕಿದ್ದ 320 ಕೈಸೇರಿತು. ಅದೂ ಹೊರಟ ಬೆಲೆಗಿಂತ 700 ಡಾಲರ್ ಕಡಿಮೆಗೆ. ಮಾರಬೇಕೆಂದಿದ್ದವರು ಮಾರಿ ಮುಗಿಸಿದ್ದರಿಂದ ಬೆಲೆ ಮೇಲೆ ಪುಟಿಯುತ್ತದೆ. ನಕ್ಷೆಯಲ್ಲಿ ಕಾಣುವ ಹೋಗಿ ಮುಟ್ಟಿ ಬರುವ ಆಟದ ಒಳಗುಟ್ಟು ಇದು. ಮಾರುಕಟ್ಟೆಯ ಮಾತಿನಲ್ಲಿ ಸ್ಟಾಪ್ ಹಂಟಿಂಗ್. ಆದರೆ ಈ ಬೇಟೆಗೂ ಖರ್ಚಿದೆ. 98,500ರಲ್ಲಿ ನಿಜಕ್ಕೂ ಯಾರೂ ಇಲ್ಲದಿದ್ದರೆ, ಅಥವಾ ಅರ್ಧ ದಾರಿಯಲ್ಲೇ ಬೇರೊಬ್ಬರು ಕೊಳ್ಳಲು ನುಗ್ಗಿದರೆ, ಅಗ್ಗಕ್ಕೆ ಮಾರಿದ 200 ಬಿಟ್‌ಕಾಯಿನ್‌ನ ನಷ್ಟ ಬೇಟೆಗಾರನ ತಲೆಗೇ. ಇನ್ನೊಂದು ತಡೆಯೂ ಇದೆ. ದೊಡ್ಡ ಎಕ್ಸ್‌ಚೇಂಜ್‌ಗಳು ಲಿಕ್ವಿಡೇಶನ್‌ಗೆ ಅಳತೆಯಾಗಿ ಹಿಡಿಯುವುದು ತಮ್ಮಲ್ಲಿ ನಡೆದ ಕೊನೆಯ ವಹಿವಾಟಿನ ದರವನ್ನಲ್ಲ, ಹಲವು ಮಾರುಕಟ್ಟೆಗಳ ಬೆಲೆಯಿಂದ ಲೆಕ್ಕಹಾಕಿದ ಮಾರ್ಕ್ ಪ್ರೈಸ್ ಅನ್ನು. ಒಂದೇ ಕಡೆ ಬೆಲೆ ಜಗ್ಗಿದರೆ ಅದು ಅಷ್ಟಾಗಿ ಅಲುಗುವುದಿಲ್ಲ.

ಬೇಟೆಗಾರನೇ ಇಲ್ಲದೆಯೂ ಬೆಲೆ ಈ ಗುಂಪುಗಳನ್ನು ಮುಟ್ಟುತ್ತದೆ. ನಕ್ಷೆ ನೋಡುವವರು ಹೆಚ್ಚಾಗಿ ಮರೆಯುವ ಸಂಗತಿ ಇದೇ. ಭಾರೀ ಲೆವರೇಜ್ ಎಂದರೆ ಗೆರೆ ಬೆಲೆಯ ಪಕ್ಕದಲ್ಲೇ ಇದೆ ಎಂದರ್ಥ. ಬಿಟ್‌ಕಾಯಿನ್ ದಿನಕ್ಕೆ ಸಾಮಾನ್ಯವಾಗಿ ಶೇ 2ರಷ್ಟು ಅತ್ತಿತ್ತ ಹೊಯ್ದಾಡುತ್ತದೆ, ಅದರ ಚಲನೆಗೆ ಯಾವ ಉದ್ದೇಶವೂ ಇಲ್ಲ ಎಂದೇ ಇಟ್ಟುಕೊಂಡು ಸಂಭವನೀಯತೆಯ ಲೆಕ್ಕ ಹಾಕಿದರೂ, ಶೇ 1ರಷ್ಟು ದೂರದ ಗೆರೆಯನ್ನು ಒಂದು ದಿನದೊಳಗೆ ಮುಟ್ಟುವ ಸಾಧ್ಯತೆ ಶೇ 60ಕ್ಕಿಂತ ಹೆಚ್ಚು. ಶೇ 4ರಷ್ಟು ದೂರದ ಗೆರೆಗೆ ಅದು ದಿನಕ್ಕೆ ಶೇ 5ರ ಒಳಗೆ, ವಾರದಲ್ಲಿ ಸುಮಾರು ಶೇ 45. ಮುಟ್ಟದೆ ಉಳಿದ ಪಟ್ಟಿಗಳ ಚಿತ್ರವನ್ನು ಯಾರೂ ಹಂಚಿಕೊಳ್ಳುವುದಿಲ್ಲವಾದ್ದರಿಂದ ಮುಟ್ಟಿದವೇ ನೆನಪಿನಲ್ಲಿ ಉಳಿಯುತ್ತವೆ. ಬೆಲೆ ಹಳದಿ ಪಟ್ಟಿಯನ್ನು ಹುಡುಕಿಕೊಂಡು ಹೋಯಿತು ಎನ್ನಬೇಕಾದರೆ, ಅಷ್ಟೇ ದೂರದ ಖಾಲಿ ಜಾಗಕ್ಕಿಂತ ಹೆಚ್ಚು ಸಲ ಹೋಯಿತು ಎಂದು ತೋರಿಸಬೇಕು.

ಆರ್ಡರ್‌ಗಳ ಗುಂಪು ಬೆಲೆಯ ಓಟವನ್ನು ಚುರುಕುಗೊಳಿಸುತ್ತದೆ ಎಂಬುದಕ್ಕೆ ಮಾತ್ರ ಕ್ರಿಪ್ಟೊಗಿಂತ ಹಳೆಯ ಪುರಾವೆ ಇದೆ. ಅಮೆರಿಕದ ಅರ್ಥಶಾಸ್ತ್ರಜ್ಞೆ ಕ್ಯಾರಲ್ ಆಸ್ಲರ್ ಒಂದು ದೊಡ್ಡ ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗಕ್ಕೆ ಬಂದಿದ್ದ ಸಾವಿರಾರು ಆರ್ಡರ್‌ಗಳನ್ನು ಪರಿಶೀಲಿಸಿ 2003 ಮತ್ತು 2005ರಲ್ಲಿ ಪ್ರಬಂಧಗಳನ್ನು ಪ್ರಕಟಿಸಿದರು. ಲಾಭ ಕಟ್ಟಿಕೊಳ್ಳುವ ಆರ್ಡರ್‌ಗಳು ಸೊನ್ನೆಯಲ್ಲಿ ಮುಗಿಯುವ ದುಂಡು ಸಂಖ್ಯೆಗಳ ಮೇಲೆಯೇ ಕೂತಿದ್ದವು. ಸ್ಟಾಪ್ ಲಾಸ್‌ಗಳು ಅದರ ಆಚೆ ಮಗ್ಗುಲಿಗೆ, ಮಾರುವವಾದರೆ ತುಸು ಕೆಳಗೆ, ಕೊಳ್ಳುವವಾದರೆ ತುಸು ಮೇಲೆ. ಹೀಗಾಗಿ ದರ ದುಂಡು ಸಂಖ್ಯೆಯ ಬಳಿ ತಡೆದು ನಿಲ್ಲುತ್ತಿತ್ತು, ದಾಟಿದರೆ ಎಂದಿಗಿಂತ ವೇಗವಾಗಿ ಓಡುತ್ತಿತ್ತು. ಒಂದು ಸ್ಟಾಪ್ ಮುರಿದು ದರ ಇಳಿಯುತ್ತದೆ, ಆ ಇಳಿತ ಕೆಳಗಿನ ಸ್ಟಾಪ್ ಅನ್ನು ಮುರಿಯುತ್ತದೆ.

ಈ ಸರಣಿ ಎಷ್ಟು ದೂರ ಹೋಗಬಹುದು ಎಂಬುದು 2025ರ ಅಕ್ಟೋಬರ್ 10ರಂದು ಕಂಡಿತು. ಚೀನಾದ ಸರಕುಗಳ ಮೇಲೆ ಹೆಚ್ಚುವರಿಯಾಗಿ ಶೇ 100 ಸುಂಕ ಹಾಕುವುದಾಗಿ ಅಮೆರಿಕದ ಅಧ್ಯಕ್ಷ ಟ್ರಂಪ್ ಘೋಷಿಸಿದ ಬೆನ್ನಲ್ಲೇ, ಅಂದು 1,22,000 ಡಾಲರ್ ಆಸುಪಾಸಿನಲ್ಲಿದ್ದ ಬಿಟ್‌ಕಾಯಿನ್ 1,05,000ಕ್ಕೂ ಕೆಳಗಿಳಿಯಿತು. 24 ಗಂಟೆಗಳಲ್ಲಿ 1,900 ಕೋಟಿ ಡಾಲರ್‌ಗೂ ಮಿಕ್ಕಿದ ವಹಿವಾಟು ಬಲವಂತವಾಗಿ ಮುಚ್ಚಿತೆಂದು ಕಾಯಿನ್‌ಗ್ಲಾಸ್ ಲೆಕ್ಕ ಕೊಟ್ಟಿತು. ಅದರಲ್ಲಿ ಬಹುಪಾಲು ಲಾಂಗ್. ಶುರುಮಾಡಿದ್ದು ಸುದ್ದಿ. ಆದರೆ ಕುಸಿತ ಅಷ್ಟು ಆಳಕ್ಕೆ ಹೋದದ್ದು ಕೊಳ್ಳುವವರು ಹಿಂದೆ ಸರಿದಿದ್ದ ಹೊತ್ತಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಲಿಕ್ವಿಡೇಶನ್‌ಗಳು ಬಿದ್ದಿದ್ದರಿಂದ. ಬೆಲೆ ಅಂದು ಯಾವ ಹಳದಿ ಪಟ್ಟಿಯ ಬಳಿಯೂ ನಿಂತು ಹಿಂದಿರುಗಲಿಲ್ಲ, ಒಂದನ್ನು ನುಂಗಿ ಮುಂದಿನದಕ್ಕೆ ಹೋಯಿತು. ಪಟ್ಟಿ ಕಂಡಲ್ಲೆಲ್ಲ ಬೆಲೆ ತಿರುಗುತ್ತದೆ ಎಂದು ನಂಬಿ ಕೊಂಡವರೂ ಆ ಸರಣಿಯಲ್ಲೇ ಸೇರಿಹೋದರು.

ಆಗಿಹೋದ ಲಿಕ್ವಿಡೇಶನ್‌ಗಳ ಲೆಕ್ಕವೇ ಪೂರ್ತಿಯಲ್ಲ ಎಂಬುದೂ ಗಮನಿಸಬೇಕಾದ್ದು. ಬೈನಾನ್ಸ್ ಹೊರಗೆ ಬಿಡುವ ಮಾಹಿತಿಯಲ್ಲಿ ಒಂದು ನಾಣ್ಯಕ್ಕೆ ಸೆಕೆಂಡಿಗೆ ಒಂದೇ ಲಿಕ್ವಿಡೇಶನ್ ಕಾಣುತ್ತದೆ. ಆಗಿದ್ದನ್ನೇ ಎಣಿಸಲು ಬಾರದಿದ್ದ ಮೇಲೆ ಆಗಲಿರುವುದರ ನಕ್ಷೆ ಸಡಿಲವಾಗಿರುವುದರಲ್ಲಿ ಅಚ್ಚರಿಯಿಲ್ಲ. ಬಣ್ಣವೂ ಸಾಪೇಕ್ಷ: 12 ಗಂಟೆಯ ನಕ್ಷೆಯಲ್ಲಿ ಉರಿಯುವ ಪಟ್ಟಿ ಒಂದು ತಿಂಗಳ ನಕ್ಷೆಯಲ್ಲಿ ಮಂಕಾಗಿ ಕಾಣಬಹುದು. ಮಧ್ಯೆ ಮಾರ್ಜಿನ್ ಸೇರಿಸಿದವರು, ಇಡೀ ಖಾತೆಯ ಹಣವನ್ನೇ ಮಾರ್ಜಿನ್ ಆಗಿ ಒಡ್ಡಿದವರು, ಸದ್ದಿಲ್ಲದೆ ಹೊರಬಿದ್ದವರು ನಕ್ಷೆಯಲ್ಲಿ ಹಳೆಯ ಜಾಗದಲ್ಲೇ ಉಳಿದಿರುತ್ತಾರೆ.

ಊಹೆ ಬೇಡದ ಒಂದು ಕಡೆ ಹೈಪರ್‌ಲಿಕ್ವಿಡ್. ಬ್ಲಾಕ್‌ಚೈನ್ ಮೇಲೆ ನಡೆಯುವ ಈ ಎಕ್ಸ್‌ಚೇಂಜ್‌ನಲ್ಲಿ ಪ್ರತಿ ಖಾತೆಯ ವಹಿವಾಟನ್ನೂ ಅದರ ಲಿಕ್ವಿಡೇಶನ್ ಬೆಲೆಯನ್ನೂ ಯಾರು ಬೇಕಾದರೂ ನೋಡಬಹುದು. 2025ರ ಮಾರ್ಚ್‌ನಲ್ಲಿ ಹೆಸರು ಹೇಳದ ಒಬ್ಬ ವ್ಯಾಪಾರಿ 84,000 ಡಾಲರ್ ಆಸುಪಾಸಿನಲ್ಲಿ 40 ಪಟ್ಟು ಲೆವರೇಜ್ ಹಿಡಿದು ಭಾರೀ ಶಾರ್ಟ್ ಕಟ್ಟಿದ. ಅದು ಕೆಲವೇ ದಿನಗಳಲ್ಲಿ 50 ಕೋಟಿ ಡಾಲರ್ ಮೀರಿತು. ಅವನ ಲಿಕ್ವಿಡೇಶನ್ ಗೆರೆ ಬೆಲೆಗಿಂತ ತುಸುವೇ ಮೇಲಿತ್ತು. ಬೆಲೆ ಎತ್ತಿ ಅವನನ್ನು ಹೊರದಬ್ಬೋಣ ಬನ್ನಿ ಎಂದು ಕೆಲವರು ಸಾಮಾಜಿಕ ಜಾಲತಾಣದಲ್ಲಿ ಬಹಿರಂಗವಾಗಿಯೇ ಕರೆ ಕೊಟ್ಟರು, ಬೆಲೆ ಸ್ವಲ್ಪ ಏರಿತು ಕೂಡ. ಅವನು ಇನ್ನಷ್ಟು ಮಾರ್ಜಿನ್ ತುಂಬಿದ, ಗೆರೆ ಮೇಲಕ್ಕೆ ಸರಿಯಿತು. ಬೆನ್ನಟ್ಟುವವರ ಹಣ ಸಾಲದಾಗಿ ಬೆಲೆ ಇಳಿದಾಗ ಅವನು ಲಾಭದಲ್ಲೇ ವಹಿವಾಟು ಮುಚ್ಚಿದ.